ಉತ್ತರ ಕಾಣದ ರಜಾ ಚೀಟಿಗಳು

‘ನನ್ನ ಐದು ದಿನ ಎಲ್ಲಿ ಹೋಯಿತು, ಸಾರ್?’

2019ರ ಜನವರಿಯ ಮೊದಲ ವಾರದಲ್ಲಿ ನಮ್ಮ ಮುದ್ರಣಾಲಯದ ಹಿರಿಯ ಮಷಿನ್‌ಮನ್ ಒಬ್ಬರು ನನ್ನ ಮೇಜಿನ ಮುಂದೆ ನಿಂತು ಕೇಳಿದ ಪ್ರಶ್ನೆ ಇದು. ಬೆಂಗಳೂರಿನ ಕೈಗಾರಿಕಾ ಬಡಾವಣೆಯೊಂದರಲ್ಲಿ 23 ಮಂದಿ ದುಡಿಯುತ್ತಿದ್ದ ಆ ಪುಟ್ಟ ಸಂಸ್ಥೆಯಲ್ಲಿ ಹಾಜರಿ, ಸಂಬಳ ಮತ್ತು ರಜೆಯ ಲೆಕ್ಕ ಮೂರೂ ನನ್ನ ಪಾಲಿನವು. ಡಿಸೆಂಬರ್ 31ರಂದು ಆತನ ಖಾತೆಯಲ್ಲಿ 35 ದಿನಗಳ ಗಳಿಕೆ ರಜೆ ಉಳಿದಿತ್ತು. ಹೊಸ ವರ್ಷಕ್ಕೆ ನಾನು ಎತ್ತಿ ಬರೆದದ್ದು 30. ನಾನು ತಡವರಿಸದೆ ಉತ್ತರ ಕೊಟ್ಟೆ: ‘30 ದಿನಕ್ಕಿಂತ ಹೆಚ್ಚು ಮುಂದಿನ ವರ್ಷಕ್ಕೆ ಹೋಗುವುದಿಲ್ಲ, ಕಾನೂನಿನಲ್ಲೇ ಹಾಗಿದೆ.’

ಆತ ವಾದ ಮಾಡಲಿಲ್ಲ. ‘ಡಿಸೆಂಬರ್‌ನಲ್ಲಿ ಆರು ದಿನ ಬೇಕು ಅಂತ ಚೀಟಿ ಕೊಟ್ಟಿದ್ದೆನಲ್ಲ ಸಾರ್, ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ’ ಎಂದಷ್ಟೇ ಹೇಳಿ ಯಂತ್ರದ ಕಡೆಗೆ ನಡೆದರು. ನಾನು ರಜೆಯ ಲೆಜರ್ ತೆರೆದು ನೋಡಿದೆ. ಅಂಥ ಚೀಟಿಯ ಸುಳಿವೇ ಅದರಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಏಕೆಂದರೆ ಮಂಜೂರಾದ ರಜೆಯನ್ನು ಮಾತ್ರ ಬರೆಯುವ ಪುಸ್ತಕ ಅದು. ಕೇಳಿದ, ಆದರೆ ಉತ್ತರ ಸಿಗದ ರಜೆಗೆ ನಮ್ಮ ಸಂಸ್ಥೆಯ ಯಾವ ಪುಸ್ತಕದಲ್ಲಿಯೂ ಒಂದು ಸಾಲಿನ ಜಾಗವಿರಲಿಲ್ಲ.

ಸಣ್ಣ ಸಂಸ್ಥೆಗಳಲ್ಲಿ ರಜೆಯ ವಿಷಯದಲ್ಲಿ ನಡೆಯುವ ಅನ್ಯಾಯದ ಬಹುಪಾಲು ಹುಟ್ಟುವುದು ಈ ಇಲ್ಲದ ಸಾಲಿನಲ್ಲಿ ಎಂಬುದು ನನ್ನ ಅನುಭವ. ಅಲ್ಲಿ ಯಾರೂ ಬೇಕೆಂದು ಮೋಸ ಮಾಡುವುದಿಲ್ಲ. ನಾನೂ ಮಾಡಲಿಲ್ಲ. ಆದರೂ ಒಬ್ಬ ದುಡಿಮೆಗಾರನ ಐದು ದಿನ ನನ್ನ ಲೇಖನಿಯ ತುದಿಯಿಂದಲೇ ಅಳಿಸಿಹೋಗಿತ್ತು.

ಚೀಟಿಯ ದಾರಿ ಹೇಗಿತ್ತೆಂದು ಹೇಳಬೇಕು. ರಜೆ ಬೇಕಾದವರು ಅರ್ಧ ಹಾಳೆಯಲ್ಲಿ ಬರೆದು ತಮ್ಮ ವಿಭಾಗದ ಸೂಪರ್‌ವೈಸರ್ ಕೈಗೆ ಕೊಡುತ್ತಿದ್ದರು. ಅವರು ಯಜಮಾನರ ಬಳಿ ಬಾಯಿಮಾತಿನಲ್ಲಿ ಕೇಳಿ ಒಪ್ಪಿಗೆ ಪಡೆಯುತ್ತಿದ್ದರು. ಒಪ್ಪಿಗೆ ಸಿಕ್ಕ ಚೀಟಿ ತಿಂಗಳ ಕೊನೆಯಲ್ಲಿ ಹಾಜರಿ ಪುಸ್ತಕದ ಜೊತೆ ನನ್ನಲ್ಲಿಗೆ ಬರುತ್ತಿತ್ತು. ಒಪ್ಪಿಗೆ ಸಿಗದ ಚೀಟಿ ಎಲ್ಲಿಗೂ ಬರುತ್ತಿರಲಿಲ್ಲ. ನಮ್ಮದು ಕ್ಯಾಲೆಂಡರ್ ಮತ್ತು ಡೈರಿ ಮುದ್ರಿಸುವ ಪ್ರೆಸ್ಸು. ಅಕ್ಟೋಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ಯಂತ್ರ ನಿಲ್ಲುವಂತಿಲ್ಲ. ಆ ತಿಂಗಳುಗಳಲ್ಲಿ ಸೂಪರ್‌ವೈಸರ್ ಯಾವ ಚೀಟಿಗೂ ‘ಇಲ್ಲ’ ಎನ್ನುತ್ತಿರಲಿಲ್ಲ. ‘ಆಮೇಲೆ ನೋಡೋಣ’ ಎನ್ನುತ್ತಿದ್ದರು. ಮುಖ ಮುರಿಯದೆ ದಿನ ದೂಡುವ ಸಭ್ಯ ಮಾತು ಅದು. ವರ್ಷದ ಲೆಕ್ಕ ಮುಗಿಯುವುದೂ ಅದೇ ಡಿಸೆಂಬರ್‌ನಲ್ಲಿ. ರಜೆ ಕೊಡಲಾಗದ ತಿಂಗಳೇ ರಜೆ ಕಳೆದುಕೊಳ್ಳುವ ತಿಂಗಳೂ ಆಗಿತ್ತು.

ಆ ದಿನ ಸಂಜೆ ನಾನು ಕಾನೂನಿನ ಪುಸ್ತಕವನ್ನು ಮತ್ತೊಮ್ಮೆ ಓದಿದೆ. ಮತ್ತೊಮ್ಮೆ ಎಂದರೆ ತಪ್ಪಾದೀತು, ಪೂರ್ತಿಯಾಗಿ ಓದಿದ್ದು ಅದೇ ಮೊದಲು. ಆಗ ಜಾರಿಯಲ್ಲಿದ್ದುದು 1948ರ ಕಾರ್ಖಾನೆಗಳ ಕಾಯ್ದೆ. ಅದರ 79ನೇ ಕಲಂ ಪ್ರಕಾರ ವರ್ಷದಲ್ಲಿ 240 ದಿನ ದುಡಿದ ವಯಸ್ಕ ಕಾರ್ಮಿಕನಿಗೆ ಪ್ರತಿ 20 ದಿನದ ಕೆಲಸಕ್ಕೆ ಒಂದು ದಿನದಂತೆ ಮುಂದಿನ ವರ್ಷದಲ್ಲಿ ಸಂಬಳಸಹಿತ ರಜೆ ಸಿಗಬೇಕು. ಬಳಸದೆ ಉಳಿದದ್ದು ಮುಂದಿನ ವರ್ಷಕ್ಕೆ ಹೋಗುತ್ತದೆ, ಆದರೆ 30 ದಿನ ಮೀರುವಂತಿಲ್ಲ. ನನಗೆ ಗೊತ್ತಿದ್ದುದು ಇಷ್ಟೇ. ಅದರ ಮುಂದಿನ ವಾಕ್ಯ ನನಗೆ ಗೊತ್ತಿರಲಿಲ್ಲ. ನಿಯಮದಂತೆ ಅರ್ಜಿ ಹಾಕಿಯೂ ರಜೆ ಸಿಗದೆ ಹೋದರೆ, ಹಾಗೆ ತಪ್ಪಿದ ದಿನಗಳನ್ನು ಯಾವ ಮಿತಿಯೂ ಇಲ್ಲದೆ ಮುಂದಕ್ಕೆ ಒಯ್ಯುವ ಹಕ್ಕು ಕಾರ್ಮಿಕನಿಗೆ ಇತ್ತು. ನಿಯಮದಂತೆ ಎಂದರೆ ರಜೆ ಆರಂಭವಾಗಬೇಕಾದ ದಿನಕ್ಕೆ ಕನಿಷ್ಠ 15 ದಿನ ಮೊದಲು, ಲಿಖಿತವಾಗಿ.

ಈಗ ಆ ಕಾಯ್ದೆಯ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ 2020ರ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ಅದರ 32ನೇ ಕಲಂ 240 ದಿನದ ಷರತ್ತನ್ನು 180ಕ್ಕೆ ಇಳಿಸಿದೆ. 20ಕ್ಕೆ ಒಂದು ಎಂಬ ಲೆಕ್ಕವನ್ನೂ, 30 ದಿನಗಳ ಮಿತಿಯನ್ನೂ, ಅರ್ಜಿ ಹಾಕಿಯೂ ಸಿಗದ ರಜೆಗೆ ಆ ಮಿತಿ ಇಲ್ಲ ಎಂಬ ಮಾತನ್ನೂ ಉಳಿಸಿಕೊಂಡಿದೆ. ಹೀಗಾಗಿ ನಾನು ಹೇಳುತ್ತಿರುವುದು ಹಳೆಯ ಕಾಯ್ದೆಯ ಹಳೆಯ ಕಥೆಯಲ್ಲ.

ಮಷಿನ್‌ಮನ್ನರ ಲೆಕ್ಕವನ್ನು ಈ ಬೆಳಕಿನಲ್ಲಿ ಇನ್ನೊಮ್ಮೆ ಮಾಡೋಣ. 2018ರ ಆರಂಭದಲ್ಲಿ ಅವರ ಖಾತೆಯಲ್ಲಿ ಹಿಂದಿನ ಉಳಿಕೆ 25 ದಿನ, ಹೊಸದಾಗಿ ಜಮೆಯಾದದ್ದು 13 ದಿನ, ಒಟ್ಟು 38. ಆ ವರ್ಷ ತೆಗೆದುಕೊಂಡದ್ದು ಮೂರೇ ದಿನ. ಉಳಿದದ್ದು 35. ಅವರ ಮಾತಿನಂತೆ ನವೆಂಬರ್ 26ರಂದು ಚೀಟಿ ಕೊಟ್ಟಿದ್ದರು. ಕೇಳಿದ್ದು ಡಿಸೆಂಬರ್ 17ರ ಸೋಮವಾರದಿಂದ 22ರ ಶನಿವಾರದವರೆಗೆ, ಆರು ದಿನ. ನಡುವೆ ಮೂರು ವಾರ ಇದ್ದುದರಿಂದ 15 ದಿನದ ನಿಯಮಕ್ಕೆ ಭಂಗವಿಲ್ಲ. ರಜೆ ಸಿಗಲಿಲ್ಲ. ಹಾಗಾದರೆ ಆ ಆರು ದಿನ ಮಿತಿಯ ಹೊರಗೆ ನಿಲ್ಲುತ್ತವೆ. ಉಳಿದ 29 ದಿನ 30ರ ಮಿತಿಯೊಳಗೇ ಇವೆ. 29 ಮತ್ತು 6 ಸೇರಿ 35 ದಿನವೂ 2019ಕ್ಕೆ ಹೋಗಬೇಕಿತ್ತು. ನಾನು ಕತ್ತರಿಸಿದ ಐದು ದಿನ ಕಾನೂನು ಕತ್ತರಿಸಿದ್ದಲ್ಲ, ಒಂದು ಕಾಗದ ನನ್ನ ಕಣ್ಣಿಗೆ ಬೀಳದ್ದರಿಂದ ಕತ್ತರಿಸಿಹೋದದ್ದು.

ಚೀಟಿ ಸಿಕ್ಕಿದ್ದು ಮಾರ್ಚ್‌ನಲ್ಲಿ, ಸೂಪರ್‌ವೈಸರ್ ಮೇಜಿನ ಡ್ರಾಯರ್‌ನಲ್ಲಿ, ಶಾಯಿಯ ಹಳೆಯ ಬಿಲ್ಲುಗಳ ನಡುವೆ. ಬೇಕಾದ ದಿನಾಂಕಗಳು ಅದರಲ್ಲಿ ಸ್ಪಷ್ಟವಾಗಿದ್ದವು. ಕೊಟ್ಟ ದಿನಾಂಕ ಇರಲಿಲ್ಲ. ಸ್ವೀಕರಿಸಿದ ಗುರುತೂ ಇರಲಿಲ್ಲ. ಅದನ್ನು 15 ದಿನ ಮೊದಲು ಕೊಟ್ಟರೋ, ಹಿಂದಿನ ದಿನ ಕೊಟ್ಟರೋ ಎಂಬುದಕ್ಕೆ ಆತನ ಮಾತೊಂದೇ ಆಧಾರ. ಯಜಮಾನರು ಆ ಮಾತನ್ನು ನಂಬಿದರು, ಐದು ದಿನ ಮರಳಿ ಜಮೆಯಾಯಿತು. ಆದರೆ ನಂಬುವ ಯಜಮಾನರು ಇಲ್ಲದಿದ್ದರೆ? ಹಕ್ಕು ಕಾಯ್ದೆಯಲ್ಲಿ ಇದ್ದೂ, ಅದನ್ನು ಸಾಬೀತು ಮಾಡುವ ಒಂದು ದಿನಾಂಕ ಇಲ್ಲದ್ದರಿಂದ ಸೋತುಹೋಗುತ್ತಿತ್ತು. ಅರ್ಜಿ ಹಾಕಿದವನ ಕೈಯಲ್ಲಿ ಅದರ ಗುರುತು ಏನೂ ಉಳಿಯದ ಪದ್ಧತಿ ಯಾವತ್ತೂ ಸಂಸ್ಥೆಯ ಕಡೆಗೇ ವಾಲಿರುತ್ತದೆ.

ಇದು ಬಾಕಿ ಅರ್ಜಿಯ ಒಂದು ಮುಖ. ಇನ್ನೊಂದು ಮುಖ ಉಳಿಕೆಯನ್ನು ತಿಳಿಸುವ ರೀತಿಯಲ್ಲಿದೆ.

ನಾನು ಮೂರು ತಿಂಗಳಿಗೊಮ್ಮೆ ಎಲ್ಲರ ರಜೆಯ ಉಳಿಕೆಯನ್ನು ಟೈಪ್ ಮಾಡಿಸಿ ನೋಟಿಸ್ ಬೋರ್ಡಿಗೆ ಹಚ್ಚುತ್ತಿದ್ದೆ. ಹೆಸರಿನ ಎದುರು ಒಂದು ಅಂಕಿ. ಪಾರದರ್ಶಕತೆ ಎಂದರೆ ಇದೇ ಎಂಬ ಹೆಮ್ಮೆಯೂ ನನಗಿತ್ತು. 2019ರ ಆಗಸ್ಟ್ ಕೊನೆಯಲ್ಲಿ ಹಚ್ಚಿದ ಪಟ್ಟಿಯಲ್ಲಿ ಬೈಂಡಿಂಗ್ ವಿಭಾಗದ ಹೆಣ್ಣುಮಗಳೊಬ್ಬಳ ಎದುರು 15 ಎಂದಿತ್ತು, ಡಿ.ಟಿ.ಪಿ. ವಿಭಾಗದ ಹುಡುಗನ ಎದುರು 11 ಎಂದಿತ್ತು. ಇಬ್ಬರ ನಿಜವಾದ ಸ್ಥಿತಿ ಅಕ್ಷರಶಃ ಒಂದೇ ಆಗಿತ್ತು. ಇಬ್ಬರಿಗೂ ವರ್ಷದ ಆರಂಭದಲ್ಲಿ 22 ದಿನ. ಇಬ್ಬರೂ ಏಳು ದಿನ ತೆಗೆದುಕೊಂಡಿದ್ದರು. ಇಬ್ಬರಿಗೂ ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ಮಂಜೂರಾಗಿತ್ತು. ಇಬ್ಬರೂ ಇನ್ನೂ ಆರು ದಿನಕ್ಕೆ ಅರ್ಜಿ ಹಾಕಿ ಉತ್ತರಕ್ಕಾಗಿ ಕಾಯುತ್ತಿದ್ದರು.

ಅಂಕಿ ಬೇರೆಯಾದದ್ದು ಹೇಗೆ? ಡಿ.ಟಿ.ಪಿ. ಹುಡುಗನ ಅರ್ಜಿ ಇ-ಮೇಲ್‌ನಲ್ಲಿ ನೇರವಾಗಿ ನನಗೆ ಬರುತ್ತಿತ್ತು. ಮಂಜೂರಾದ ಕೂಡಲೇ ನಾನು ಕಳೆಯುತ್ತಿದ್ದೆ. ಬೈಂಡಿಂಗ್‌ನ ಚೀಟಿ ಹಾಜರಿ ಪುಸ್ತಕದ ಜೊತೆ ರಜೆ ಮುಗಿದ ಮೇಲೆ ಬರುತ್ತಿತ್ತು. ಆಗ ಕಳೆಯುತ್ತಿದ್ದೆ. ಒಂದೇ ಪಟ್ಟಿಯಲ್ಲಿ ಎರಡು ಅಳತೆಗೋಲು ಇದ್ದವು, ಅದು ಪಟ್ಟಿ ಬರೆದ ನನಗೇ ಗೊತ್ತಿರಲಿಲ್ಲ.

ಪರಿಣಾಮ ಅಂಕಿಯಲ್ಲಿ ನಿಲ್ಲಲಿಲ್ಲ. ಆಕೆಯ ತಮ್ಮನ ಮದುವೆ ಕಾರ್ತಿಕದಲ್ಲಿ ಗೊತ್ತಾಯಿತು. ಬೋರ್ಡಿನಲ್ಲಿ 15 ಇದೆಯಲ್ಲ ಎಂಬ ಧೈರ್ಯದ ಮೇಲೆ ಎಂಟು ದಿನ ಕೇಳಿದಳು. ಮನೆಯವರಿಗೂ ಹಾಗೆಯೇ ಮಾತು ಕೊಟ್ಟಳು. ನಾಲ್ಕೂ ಆರೂ ಕಳೆದ ಮೇಲೆ ಆಕೆಯ ಬಳಿ ಇದ್ದದ್ದು ಐದೇ ದಿನ. ಮೂರು ದಿನದ ಸಂಬಳ ಕಡಿತವಾಯಿತು. ಡಿ.ಟಿ.ಪಿ. ಹುಡುಗನಿಗೆ ಅಂಥ ಪೆಟ್ಟು ಬೀಳಲಿಲ್ಲ. ಅವನ ಅಂಕಿ ಸತ್ಯಕ್ಕೆ ಹೆಚ್ಚು ಹತ್ತಿರವಿತ್ತು. ಕಂಪ್ಯೂಟರ್ ಮುಂದೆ ಕೂತವನಿಗೆ ಒಂದು ಲೆಕ್ಕ, ಗೋಂದಿನ ಕೈಯವರಿಗೆ ಇನ್ನೊಂದು ಲೆಕ್ಕ. ಸಣ್ಣ ಸಂಸ್ಥೆಗಳಲ್ಲಿ ಈ ಭೇದ ಯಾರ ಕಣ್ಣಿಗೂ ಕಾಣದಂತೆ ನುಸುಳುತ್ತದೆ.

ಇದರಿಂದ ನಾನು ಕಲಿತದ್ದು ಇಷ್ಟು: ರಜೆಯ ಉಳಿಕೆ ಒಂದು ಅಂಕಿಯಲ್ಲ. ಆ ದಿನ ಆಕೆಯ ಉಳಿಕೆ ಎಷ್ಟು ಎಂದು ಕೇಳಿದರೆ 15 ಎಂಬುದೂ ಸರಿ, 11 ಎಂಬುದೂ ಸರಿ, 5 ಎಂಬುದೂ ಸರಿ. 15 ದಿನ ಇನ್ನೂ ಬಳಕೆಯಾಗಿಲ್ಲ. ಅದರಲ್ಲಿ ನಾಲ್ಕು ಮಂಜೂರಾಗಿ ಕಾದಿವೆ, ಆದ್ದರಿಂದ 11. ಇನ್ನು ಆರು ದಿನದ ಅರ್ಜಿ ಬಾಕಿ ಇದೆ, ಅದು ಮಂಜೂರಾದರೆ 5. ಮೂರನ್ನೂ ಹೇಳಿದರೆ ಮಾತ್ರ ಮನುಷ್ಯ ತನ್ನ ಮನೆಯ ಮದುವೆಗೆ ಯೋಜನೆ ಹಾಕಬಲ್ಲ.

ಬಾಕಿ ಇರುವುದನ್ನೂ ಈಗಲೇ ಕಳೆದು 5 ಎಂದು ಒಂದೇ ಅಂಕಿ ಕೊಟ್ಟರೆ ಸುರಕ್ಷಿತವಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದು ಇನ್ನೊಂದು ಬಗೆಯ ಅನ್ಯಾಯ. ಉತ್ತರ ಕೊಡದೆ ಕೂತಷ್ಟು ಕಾಲವೂ ಆ ಆರು ದಿನ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇದ್ದಂತೆ. ಅತ್ತ ಆ ದಿನಗಳಿಗೆ ರಜೆಯೂ ಇಲ್ಲ, ಇತ್ತ ಬೇರೆ ದಿನಕ್ಕೆ ಕೇಳೋಣವೆಂದರೆ ಉಳಿಕೆಯೂ ಇಲ್ಲ. ಬಾಕಿಯನ್ನು ಮುಚ್ಚಿಡುವುದೂ ತಪ್ಪು, ಉಳಿಕೆಯೊಳಗೆ ಕಲಸುವುದೂ ತಪ್ಪು. ಅದನ್ನು ಬೇರೆ ಸಾಲಿನಲ್ಲಿ ತೋರಿಸುವುದೊಂದೇ ಸರಿಯಾದ ದಾರಿ.

ನಾವು ಮಾಡಿದ ಬದಲಾವಣೆ ದೊಡ್ಡದೇನಲ್ಲ. ಕ್ರಮಸಂಖ್ಯೆ ಮುದ್ರಿಸಿದ ಜೋಡಿ ಹಾಳೆಯ ಪುಸ್ತಕವೊಂದನ್ನು ನಮ್ಮದೇ ಪ್ರೆಸ್ಸಿನಲ್ಲಿ ಮಾಡಿಕೊಂಡೆವು. ರಜೆ ಕೇಳಿದವರ ಮುಂದೆಯೇ ಸೂಪರ್‌ವೈಸರ್ ಸ್ವೀಕರಿಸಿದ ದಿನಾಂಕ ಬರೆದು ಸಹಿ ಹಾಕಬೇಕು, ಕಾರ್ಬನ್ ಪ್ರತಿ ಕೇಳಿದವರಿಗೆ, ಮೂಲ ಪ್ರತಿ ಅದೇ ದಿನ ನನಗೆ. ನಾನು ಎಕ್ಸೆಲ್ ಹಾಳೆಯಲ್ಲಿ ಅರ್ಜಿಗೊಂದು ಸಾಲು ಬರೆಯುತ್ತೇನೆ: ಸಂಖ್ಯೆ, ಸ್ವೀಕರಿಸಿದ ದಿನ, ಎಂದಿನಿಂದ ಎಂದಿನವರೆಗೆ, ಎಷ್ಟು ದಿನ, ಸ್ಥಿತಿ, ತೀರ್ಮಾನದ ದಿನ, ನಿರಾಕರಿಸಿದ್ದರೆ ಕಾರಣ. ಸ್ಥಿತಿ ಎಂಬ ಕಲಂನಲ್ಲಿ ನಾಲ್ಕೇ ಪದಗಳಿಗೆ ಅವಕಾಶ: ಬಾಕಿ, ಮಂಜೂರು, ನಿರಾಕರಣೆ, ವಾಪಸು. ‘ನೋಡೋಣ’ ಎಂಬ ಐದನೆಯ ಪದ ಇಲ್ಲ.

ಉತ್ತರಕ್ಕೆ ಗಡುವು ಐದು ಕೆಲಸದ ದಿನ. ಅಷ್ಟರೊಳಗೆ ಹೌದು ಅಥವಾ ಇಲ್ಲ ಎಂದು ಬರೆದು ಕೊಡಬೇಕು. ಪ್ರತಿ ಸೋಮವಾರ ಬೆಳಿಗ್ಗೆ ನಾನು ಸ್ಥಿತಿಯಲ್ಲಿ ‘ಬಾಕಿ’ ಎಂದಿರುವ ಸಾಲುಗಳನ್ನಷ್ಟೇ ಹೆಕ್ಕಿ ಯಜಮಾನರ ಮುಂದಿಡುತ್ತಿದ್ದೆ. ಹತ್ತು ನಿಮಿಷದ ಕೆಲಸ. ಆ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಒಂದೇ: ರಜೆಯ ದಿನಾಂಕ ಕಳೆದುಹೋಗಿಯೂ ‘ಬಾಕಿ’ ಎಂದೇ ಉಳಿದ ಅರ್ಜಿ ಇದೆಯೇ? ಇದ್ದರೆ ಪದ್ಧತಿ ಎಲ್ಲೋ ಮುರಿದಿದೆ ಎಂದರ್ಥ. ಅಂಥ ಸಾಲನ್ನು ಅಳಿಸಬಾರದು. ಅದನ್ನು ‘ನಿರಾಕರಣೆ’ ಎಂದು ಬದಲಿಸಿ, ಸಂಸ್ಥೆ ಉತ್ತರ ಕೊಡಲಿಲ್ಲ ಎಂಬ ಕಾರಣ ಬರೆಯಬೇಕು. ವರ್ಷದ ಕೊನೆಯಲ್ಲಿ 30ರ ಮಿತಿ ಹಾಕುವ ಮೊದಲು ನಿರಾಕರಣೆಯ ಸಾಲುಗಳನ್ನು ಕೂಡಿ ಬದಿಗಿಡಬೇಕು. ಮಷಿನ್‌ಮನ್ನರ ಆರು ದಿನ ಸೇರಬೇಕಿದ್ದುದು ಅಲ್ಲಿ.

ಹೀಗೆ ಬರೆದಿಟ್ಟ ಮೇಲೆ ಇನ್ನೆರಡು ತಪ್ಪುಗಳು ತಾವಾಗಿಯೇ ಬಯಲಿಗೆ ಬಂದವು. ಮೊದಲನೆಯದು ಎರಡು ಸಲ ಕಳೆಯುವುದು. ಮಂಜೂರಾದಾಗ ನಾನೊಮ್ಮೆ ನಾಲ್ಕು ದಿನ ಕಳೆಯುತ್ತೇನೆ. ತಿಂಗಳ ಕೊನೆಯಲ್ಲಿ ಹಾಜರಿ ಪುಸ್ತಕದ ರಜೆಯ ಗುರುತು ನೋಡಿ ನನ್ನ ಸಹಾಯಕ ಇನ್ನೊಮ್ಮೆ ಕಳೆಯುತ್ತಾನೆ. ಇದನ್ನು ಹಿಡಿಯಲು ಸುಲಭವಾದ ದಾರಿ, ಒಬ್ಬರ ಹೆಸರಿನಲ್ಲಿ ವರ್ಷದಲ್ಲಿ ಬಳಸಿದ್ದು ಎಂದು ಲೆಜರ್ ಹೇಳುವ ದಿನಗಳನ್ನೂ ಹಾಜರಿ ಪುಸ್ತಕದಲ್ಲಿ ಅವರಿಗೆ ಬಿದ್ದಿರುವ ರಜೆಯ ಗುರುತುಗಳನ್ನೂ ಎಣಿಸಿ ಹೋಲಿಸುವುದು. ಎರಡೂ ಒಂದಾಗದಿದ್ದರೆ ತಪ್ಪು ಲೆಜರಿನದು. ಎರಡನೆಯದು ನಡುವಿನ ಭಾನುವಾರ. ಶುಕ್ರವಾರದಿಂದ ಮಂಗಳವಾರದವರೆಗೆ ರಜೆ ಎಂದರೆ ಬೆರಳು ಮಡಚಿ ಐದು ಎಂದು ಬರೆಯುವುದು ರೂಢಿ. ಆದರೆ ನಡುವೆ ಬೀಳುವ ವಾರದ ರಜೆ ಮತ್ತು ಹಬ್ಬದ ರಜೆಯನ್ನು ಗಳಿಕೆ ರಜೆಯಲ್ಲಿ ಎಣಿಸುವಂತಿಲ್ಲ ಎಂದು ಹಳೆಯ ಕಾಯ್ದೆಯಲ್ಲೇ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಅದು ನಾಲ್ಕೇ ದಿನ. ವರ್ಷಕ್ಕೆ ಇಂಥವು ಎರಡು ಬಂದರೂ ಒಬ್ಬರ ಎರಡು ದಿನದ ದುಡಿಮೆಯ ಫಲ ಹೋದಂತೆ.

ಇನ್ನು, ಎಲ್ಲರೂ ಒಂದೇ ದಿನ ರಜೆ ಕೇಳಿದರೆ ಏನು ಮಾಡಬೇಕು? ಪುಸ್ತಕ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದು ಯಂತ್ರ ಓಡಿಸುವುದಿಲ್ಲ. ನಮ್ಮಲ್ಲಿ ಎರಡು ಆಫ್‌ಸೆಟ್ ಯಂತ್ರಗಳು, ಒಂದೊಂದಕ್ಕೆ ಇಬ್ಬರು ಬೇಕು, ಇದ್ದ ಮಷಿನ್‌ಮನ್ನರು ಐವರು. ಒಂದು ಹೊತ್ತಿಗೆ ಒಬ್ಬರಿಗೆ ಮಾತ್ರ ರಜೆ ಕೊಡಲು ಸಾಧ್ಯ. ದೀಪಾವಳಿಗೆ ಮೂವರು ಕೇಳುತ್ತಿದ್ದರು. ಹಿಂದೆಲ್ಲ ಯಾರು ಯಜಮಾನರ ಕಿವಿಗೆ ಮೊದಲು ಹಾಕಿದರೋ ಅವರಿಗೆ ಸಿಗುತ್ತಿತ್ತು. ಕುಣಿಗಲ್ ಕಡೆಯ ಒಬ್ಬ ಸಂಕೋಚದ ಮನುಷ್ಯ ಸತತವಾಗಿ ಮೂರು ದೀಪಾವಳಿಯನ್ನು ಯಂತ್ರದ ಮುಂದೆಯೇ ಕಳೆದಿದ್ದ. ಅದು ಯಾರಿಗೂ ನೆನಪಿರಲಿಲ್ಲ, ಏಕೆಂದರೆ ಸಿಗದ ರಜೆಯನ್ನು ಯಾರೂ ಬರೆದಿಟ್ಟಿರಲಿಲ್ಲ.

ನಿರಾಕರಣೆಯ ಸಾಲು ಬಂದ ಮೇಲೆ ಒಂದು ಸರಳ ನಿಯಮ ಸಾಧ್ಯವಾಯಿತು. ಅದೇ ಹಬ್ಬಕ್ಕೆ ಹಿಂದಿನ ವರ್ಷ ನಿರಾಕರಣೆ ಪಡೆದವರಿಗೆ ಮೊದಲ ಸರದಿ. ಅಂಥವರು ಇಲ್ಲದಿದ್ದರೆ ಅಥವಾ ಇಬ್ಬರಿದ್ದರೆ, ಅರ್ಜಿ ಸ್ವೀಕರಿಸಿದ ದಿನಾಂಕದ ಕ್ರಮ. ಕೇಳಿದವರಿಗೆ ಉತ್ತರದಲ್ಲಿ ತಮ್ಮ ಸರದಿಯ ಸಂಖ್ಯೆಯನ್ನೂ ಹೇಳುತ್ತಿದ್ದೆವು. ಮೊದಲ ವರ್ಷ ನಿರಾಕರಣೆ ಪಡೆದ ಹುಡುಗನೊಬ್ಬ ಕಾರ್ಬನ್ ಪ್ರತಿಯನ್ನು ಜೇಬಿಗೆ ಸೇರಿಸುತ್ತ ‘ಹೋಗಲಿ ಬಿಡಿ ಸಾರ್, ಮುಂದಿನ ಸಲ ಮೊದಲು ನಾನೇ ಅಂತ ಬರೆದು ಕೊಟ್ಟಿದ್ದೀರಲ್ಲ’ ಎಂದ. ಇಲ್ಲ ಎಂಬ ಉತ್ತರವನ್ನು ಜನ ಸಹಿಸುತ್ತಾರೆ. ಸಹಿಸಲಾಗದ್ದು ಉತ್ತರವೇ ಇಲ್ಲದಿರುವುದು.

ನೋಟಿಸ್ ಬೋರ್ಡಿನ ಪಟ್ಟಿಯನ್ನು ತೆಗೆದುಬಿಟ್ಟೆ. ಒಬ್ಬರ ಉಳಿಕೆ ಇನ್ನೊಬ್ಬರಿಗೆ ಏಕೆ ಗೊತ್ತಾಗಬೇಕು? ಬೇಗ ಕರಗಿದ ಅಂಕಿಯನ್ನು ನೋಡಿ ಯಾರಿಗೆ ಕಾಯಿಲೆ, ಯಾರ ಮನೆಯಲ್ಲಿ ತೊಂದರೆ ಎಂದು ಊಹಿಸುವ ಕಣ್ಣುಗಳಿಗೆ ಕೊರತೆ ಇರುವುದಿಲ್ಲ. ಅದರ ಬದಲು ಸಂಬಳದ ಚೀಟಿಯ ಕೆಳಗೆ ನಾಲ್ಕು ಸಾಲು ಮುದ್ರಿಸಿದೆವು: ಬಳಸದೆ ಉಳಿದದ್ದು, ಅದರಲ್ಲಿ ಮಂಜೂರಾಗಿ ಕಾದಿರುವುದು, ಉತ್ತರ ಬಾಕಿ ಇರುವುದು, ಇವೆರಡನ್ನೂ ಕಳೆದರೆ ಕೈಯಲ್ಲಿ ಇರುವುದು. ಯಾವ ದಿನಾಂಕದ ಲೆಕ್ಕ ಎಂಬುದೂ ಪಕ್ಕದಲ್ಲಿ. ಅಕ್ಟೋಬರ್ ಮೊದಲ ವಾರ ಇನ್ನೊಂದು ಸಾಲು: ಈ ವರ್ಷ ಬಳಸದಿದ್ದರೆ 30ರ ಮಿತಿ ಮೀರುವ ದಿನಗಳು ಎಷ್ಟು. ಮಷಿನ್‌ಮನ್ನರಿಗೆ 2018ರ ಅಕ್ಟೋಬರ್‌ನಲ್ಲಿ ಆ ಸಾಲು ಕಂಡಿದ್ದರೆ ಕ್ಯಾಲೆಂಡರ್ ಕೆಲಸ ಬಿರುಸಾಗುವ ಮೊದಲೇ ಐದು ದಿನ ಊರಿಗೆ ಹೋಗಿ ಬರಬಹುದಿತ್ತು. ಈಗಿನ ಸಂಹಿತೆಯಲ್ಲಿ ಮಿತಿ ಮೀರಿದ ದಿನಗಳನ್ನು ನಗದಾಗಿಸಿಕೊಳ್ಳುವ ಅವಕಾಶವೂ ಇದೆ. ಆದರೆ ಮೀರುತ್ತಿದೆ ಎಂದು ಗೊತ್ತಾದವರಷ್ಟೇ ಅದನ್ನು ಕೇಳಬಲ್ಲರು.

ಸಣ್ಣ ಉದ್ಯಮಿಗಳ ಆಕ್ಷೇಪ ನನಗೆ ಗೊತ್ತು. ‘23 ಜನರ ಕಂಪನಿಗೆ ಇದೆಲ್ಲ ಏಕೆ, ನಾವೆಲ್ಲ ಒಂದು ಮನೆಯವರಂತೆ ಇದ್ದೇವೆ’ ಎಂದು ನಮ್ಮ ಯಜಮಾನರೂ ಮೊದಲು ಹೇಳಿದ್ದರು. ಆ ಮಾತಿನಲ್ಲಿ ಕಪಟವಿರಲಿಲ್ಲ. ಆದರೆ ಮನೆಯಲ್ಲಿ ಮಾತು ಬಲ್ಲವನು ಮೊದಲು ಊಟ ಮಾಡುತ್ತಾನೆ, ಮೂಲೆಯಲ್ಲಿ ಕೂತವನು ಉಳಿದದ್ದನ್ನು ಉಣ್ಣುತ್ತಾನೆ. ಪುಸ್ತಕ ಬೇಕಾಗಿರುವುದು ಆ ಮೂಲೆಯವನಿಗಾಗಿ. ಇನ್ನು ಕೆಲವರು ಮೊಬೈಲ್‌ನಲ್ಲೇ ರಜೆ ಕೇಳುವ ತಂತ್ರಾಂಶ ಕೊಂಡು ನಿಶ್ಚಿಂತರಾಗುತ್ತಾರೆ. ಸ್ವೀಕರಿಸಿದ ದಿನಾಂಕ ಅದರಲ್ಲಿ ತಾನಾಗಿ ದಾಖಲಾಗುತ್ತದೆ, ಅದು ನಿಜವಾದ ಲಾಭ. ಆದರೆ ಪರದೆಯ ಮೇಲೆ ಕಾಣುವ ಉಳಿಕೆಯಲ್ಲಿ ಬಾಕಿ ಅರ್ಜಿಯನ್ನು ಕಳೆದಿದ್ದಾರೋ ಇಲ್ಲವೋ, ಡಿಸೆಂಬರ್ 31ರಂದು ಉತ್ತರ ಸಿಗದ ಅರ್ಜಿಗಳು ಏನಾಗುತ್ತವೆ ಎಂದು ಕೇಳಿ ತಿಳಿದವರು ನನಗೆ ಸಿಕ್ಕಿದ್ದು ಕಡಿಮೆ. ಕೊಂಡ ದಿನವೇ ಈ ಎರಡು ಪ್ರಶ್ನೆ ಕೇಳಬೇಕು. ಉತ್ತರವನ್ನು ಸಿಬ್ಬಂದಿಗೂ ತಿಳಿಸಬೇಕು.

ಅಂಗಡಿ, ಕಚೇರಿಗಳಿಗೆ ನಮ್ಮ ರಾಜ್ಯದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅಲ್ಲಿನ ಮಿತಿಗಳನ್ನು ಆ ಕಾಯ್ದೆಯಲ್ಲಿಯೇ ನೋಡಿಕೊಳ್ಳಬೇಕು. ಆದರೆ ಕೇಳಿದ ದಿನಾಂಕ ಬರೆಯುವುದು, ಗಡುವಿನೊಳಗೆ ಉತ್ತರ ಕೊಡುವುದು, ಬಾಕಿಯನ್ನು ಬೇರೆ ಸಾಲಿನಲ್ಲಿ ತೋರಿಸುವುದು ಯಾವ ಕಾಯ್ದೆಯಡಿಯ ಸಂಸ್ಥೆಗೂ ಒಪ್ಪುವ ಮಾತು.

ಹಳೆಯ ಕಾರ್ಖಾನೆ ಕಾಯ್ದೆಯಡಿ ಹಲವು ರಾಜ್ಯಗಳು ಮಾಡಿದ್ದ ನಿಯಮಗಳಲ್ಲಿ ‘ರಜಾ ಪುಸ್ತಕ’ ಎಂಬುದೊಂದು ಇತ್ತು. ಪ್ರತಿ ಕಾರ್ಮಿಕನಿಗೂ ಅದನ್ನು ಕೊಡಬೇಕಿತ್ತು. ಆ ಪುಸ್ತಕ ಕಾರ್ಮಿಕನ ಸ್ವತ್ತು, ದಾಖಲು ಮಾಡುವುದಕ್ಕಲ್ಲದೆ ಮ್ಯಾನೇಜರ್ ಅದನ್ನು ಕೇಳಿ ಪಡೆಯುವಂತಿಲ್ಲ ಎಂದು ಅಲ್ಲಿ ಬರೆದಿತ್ತು. ಆ ನಿಯಮ ಬರೆದವರು ಒಂದು ಸಂಗತಿಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ರಜೆ ದುಡಿದವನ ಗಳಿಕೆ, ಅದರ ಲೆಕ್ಕವೂ ಅವನ ಕೈಯಲ್ಲಿರಬೇಕು. ನಾನು ಹನ್ನೊಂದು ವರ್ಷ ಆ ಲೆಕ್ಕವನ್ನು ನನ್ನ ಬೀರುವಿನಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದೆ.

ನಿವೃತ್ತನಾಗುವ ದಿನ ಆ ಮಷಿನ್‌ಮನ್ ಬೀಳ್ಕೊಡಲು ಬಂದರು. ಕಿಸೆಯಿಂದ ಮಡಿಸಿದ ಒಂದು ಸಂಬಳದ ಚೀಟಿ ತೆಗೆದು ಕೊನೆಯ ನಾಲ್ಕು ಸಾಲುಗಳ ಮೇಲೆ ಬೆರಳಿಟ್ಟು, ‘ಇದು ನಿಲ್ಲದ ಹಾಗೆ ಹೊಸಬರಿಗೆ ಹೇಳಿ ಹೋಗಿ, ಸಾರ್’ ಎಂದರು. ಹೇಳಿ ಬಂದಿದ್ದೇನೆ. ಈಗ ಇಲ್ಲಿ ಬರೆಯುತ್ತಿರುವುದೂ ಅದನ್ನೇ. ಈ ವಾರ ಯಾವುದಾದರೂ ಸಣ್ಣ ಸಂಸ್ಥೆಯ ಸೂಪರ್‌ವೈಸರ್ ತನ್ನ ಡ್ರಾಯರ್ ತೆರೆದು ಬಿಲ್ಲುಗಳ ನಡುವೆ ಸಿಕ್ಕಿಕೊಂಡ ಅರ್ಧ ಹಾಳೆಗಳನ್ನು ಹೊರತೆಗೆದು ಒಂದೊಂದರ ಮೇಲೂ ಹೌದು ಅಥವಾ ಇಲ್ಲ ಎಂದು ಬರೆದರೆ, ಯಾರದೋ ಐದು ದಿನ ಉಳಿದೀತು.